ಪದಚರ್ಚೆ: 1899ರ ಕಾದಂಬರಿಗೆ ‘ವಸಾಹತೋತ್ತರ ಓದು’ ಎನ್ನಬಹುದೇ?

ಉಡುಪಿಯಿಂದ ಪ್ರಶ್ನೆ

ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯನ್ನು ಈ ಸಲ ಪದವಿ ತರಗತಿಗೆ ಪಾಠ ಮಾಡುತ್ತಿದ್ದೇನೆ. ಹುಡುಗಿಯೊಬ್ಬಳು ಉತ್ತರದಲ್ಲಿ ‘ಇದರ ಸ್ತ್ರೀವಾದಿ ಓದು, ವಸಾಹತೋತ್ತರ ಓದು’ ಎಂದು ಎರಡು ಭಾಗ ಮಾಡಿ ಬರೆದಿದ್ದಾಳೆ. ನಮ್ಮ ಸಹೋದ್ಯೋಗಿ ಎರಡನೆಯದಕ್ಕೆ ಕೆಂಪು ಗೀಟು ಹಾಕಿದರು. ‘1899ರಲ್ಲಿ ಮಂಗಳೂರಿನಲ್ಲಿ ಬ್ರಿಟಿಷರೇ ಇದ್ದರಲ್ಲ, ಉತ್ತರ ಎಲ್ಲಿಂದ ಬಂತು?’ ಅಂತ ಅವರ ವಾದ. ಪದ ತಪ್ಪಾ, ಗೀಟು ತಪ್ಪಾ?

ಪುತ್ತೂರಿನಿಂದ

ಗೀಟು ಸರಿಯೇ ಇದೆ ಮೇಡಂ. ಉತ್ತರ ಎಂದರೆ ಆಮೇಲಿನದ್ದು. ಸ್ವಾತಂತ್ರ್ಯೋತ್ತರ ಎಂದರೆ 1947ರ ನಂತರ ಅಲ್ವಾ? ಹಾಗೇ ಇದೂ. ಈ ಕಾದಂಬರಿಗೆ ‘ವಸಾಹತುಕಾಲದ’ ಎಂದರೆ ಸಾಕು.

ಹಂಪನಕಟ್ಟೆಯಿಂದ

ಅದಕ್ಕಿಂತ ಮೊದಲು ಸಂಧಿ ನೋಡಿ ಮಾರಾಯ್ರೆ. ‘ವಸಾಹತು’ ಸಂಸ್ಕೃತವಲ್ಲ, ಕೊನೆಯಲ್ಲಿ ಇರುವುದು ಉಕಾರ. ಅದಕ್ಕೆ ಗುಣಸಂಧಿ ಮಾಡಿ ಓಕಾರ ತಂದದ್ದು ಯಾರು? ಪ್ರಶ್ನೆಗೆ ಉತ್ತರ ಇದಲ್ಲ ಅಂತ ಗೊತ್ತು, ಆದರೂ ಕಣ್ಣಿಗೆ ಚುಚ್ಚುತ್ತದೆ.

ಮಂಗಳೂರಿನಿಂದ (ಕೊಡಿಯಾಲಬೈಲು)

ಪುತ್ತೂರಿನವರು ಹೇಳಿದ್ದು ಕಾದಂಬರಿಗೆ ವಿಶೇಷಣ ಆದಾಗ ಸರಿ. ‘ವಸಾಹತೋತ್ತರ ಕಾದಂಬರಿ’ ಎಂದರೆ ಕಾಲದ ಮಾತು. ‘ವಸಾಹತೋತ್ತರ ಓದು’ ಎಂದಾಗ ವಿಶೇಷಣ ಓದುವವರಿಗೆ ಹೋಗುತ್ತದೆ. ಓದುವವಳು ಇವತ್ತಿನವಳು, ಆ ಆಳ್ವಿಕೆಯಿಂದ ಹೊರಗೆ ನಿಂತು ಅದರ ಗುರುತು ಹುಡುಕುವವಳು. ಗಾಯತ್ರಿ ಸ್ಪಿವಾಕ್ 1985ರಲ್ಲಿ ಹೀಗೆ ಓದಿದ್ದು 1847ರ ‘ಜೇನ್ ಏರ್’ ಕಾದಂಬರಿಯನ್ನು. ಹಾಗಾಗಿ ಗೀಟು ಅಳಿಸಬಹುದು.

ಹುಡುಗಿ ಒಳಗೆ ಏನು ಬರೆದಿದ್ದಾಳೆ ಎನ್ನುವುದು ನನಗೆ ಜಾಸ್ತಿ ಕುತೂಹಲ. ಇಂದಿರೆ ಎಳೆಯ ವಿಧವೆ. ತಂದೆ ಭೀಮರಾಯ, ತಾಯಿ ಅಂಬಾಬಾಯಿ ಇಬ್ಬರೂ ಅವಳನ್ನು ಕಪಟ ಸಂತರ ಗುಂಪಾದ ಸಂತಮಂಡಳಿಯ ಕಡೆಗೆ ತಳ್ಳುತ್ತಾರೆ. ಅವಳು ಒಪ್ಪದೆ ಮನೆ ಬಿಟ್ಟು ಅಮೃತರಾಯನ ಆಶ್ರಯಕ್ಕೆ ಹೋಗುತ್ತಾಳೆ. ಸ್ತ್ರೀವಾದಿ ಓದು ಇಲ್ಲಿ ನಿಲ್ಲುತ್ತದೆ, ನಿಲ್ಲಲೇಬೇಕು. ಈ ಹೆಜ್ಜೆ ಅವಳದ್ದೇ. ಅದೇ ಓದನ್ನು ಇನ್ನೂ ಸ್ವಲ್ಪ ಮುಂದಕ್ಕೆ ಒಯ್ದು ಕ್ರಿಯಾಪದಗಳನ್ನು ಗಮನಿಸಿ. ಅಲ್ಲಿಯವರೆಗೆ ಅವಳು ನಿರಾಕರಿಸುತ್ತಾಳೆ, ಹೊರಡುತ್ತಾಳೆ. ಆಮೇಲೆ ಅವಳನ್ನು ಕಾಪಾಡುತ್ತಾರೆ, ಓದಿಸುತ್ತಾರೆ, ಮದುವೆ ಮಾಡಿಸುತ್ತಾರೆ.

ಆ ಮದುವೆಯನ್ನು ಬರೀ ಹೆಣ್ಣಿನ ಗೆಲುವು ಎಂದು ಓದಿದರೆ ವರ ಯಾರು ಎನ್ನುವುದು ಜಾರಿಹೋಗುತ್ತದೆ. ಭಾಸ್ಕರ ಇಂಗ್ಲೆಂಡಿಗೆ ಹೋಗಿ ಅಧಿಕಾರಿಯಾಗಿ ಬಂದವನು. ಐ.ಸಿ.ಎಸ್. ಪರೀಕ್ಷೆ ಆಗ ನಡೆಯುತ್ತಿದ್ದದ್ದು ಲಂಡನ್ನಿನಲ್ಲಿ ಮಾತ್ರ, 1922ರವರೆಗೂ. ಬರೆದ ಗುಲ್ವಾಡಿಯವರು ಪೊಲೀಸ್ ಇಲಾಖೆಯವರು, ಅಚ್ಚಾದದ್ದು ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ, 1903ರಲ್ಲಿ ಇಂಗ್ಲಿಷಿಗೆ ತಂದವರು ಐ.ಸಿ.ಎಸ್. ಅಧಿಕಾರಿ ಕೌಚ್‌ಮನ್. ಕಥೆಯಲ್ಲಿ ನ್ಯಾಯ ಸರ್ಕಾರದ ಕಡೆಯಿಂದ ಬರುತ್ತದೆ, ಕೊಳಕೆಲ್ಲ ನಮ್ಮ ಮನೆಯಲ್ಲಿ. ಇದನ್ನು ಕಾಣಿಸುವುದು ಎರಡನೇ ಓದು.

ಆದರೆ ಆ ಓದು ಮಾಡುವ ಎಡವಟ್ಟೂ ಇದೆ. ಸರ್ಕಾರ, ಸುಧಾರಣೆ, ಸಂಪ್ರದಾಯ ಅಂತ ಮಾತಾಡುತ್ತಾ ಹೋದರೆ ಇಂದಿರೆ ಒಂದು ಗುರುತು ಮಾತ್ರ ಆಗಿ ಉಳಿಯುತ್ತಾಳೆ. ಸತಿಯ ಚರ್ಚೆ ಕುರಿತು ಲತಾ ಮಣಿ ತೋರಿಸಿದ್ದು ಇದನ್ನೇ: ಗಂಡಸರು ಸಂಪ್ರದಾಯದ ಬಗ್ಗೆ ಜಗಳಾಡಲು ಹೆಂಗಸು ಅಂಗಳವಾದಳು. ವಿಮರ್ಶಕರೂ ಅದೇ ಅಂಗಳದಲ್ಲಿ ಆಡಿಬಿಡುತ್ತಾರೆ. ಉತ್ತರಪತ್ರಿಕೆಯಲ್ಲಿ ಇದು ಗೊತ್ತಾಗುವುದು ಹೀಗೆ: ಎರಡು ಪುಟ ದಾಟಿದರೂ ಇಂದಿರೆಯ ಹೆಸರೇ ಬಂದಿರುವುದಿಲ್ಲ.

ಕಾಪುವಿನಿಂದ

ಪದದ ವಿಷಯ ನನಗೆ ಗೊತ್ತಿಲ್ಲ. ನಮ್ಮದು ಅಳಿಯಸಂತಾನದ ಮನೆ. ನಮ್ಮ ಅಜ್ಜಿಗೆ ಗಂಡ ತೀರಿಹೋದ ಮೇಲೆ ಇನ್ನೊಂದು ಮದುವೆಯಾಗಿತ್ತು, ಯಾರೂ ಅದನ್ನು ಕ್ರಾಂತಿ ಎಂದದ್ದಿಲ್ಲ. ಇದೇ ಊರಿನ ಕಾದಂಬರಿಯಲ್ಲಿ ಅದಕ್ಕೆ ಇಂಗ್ಲೆಂಡಿನಿಂದ ಗಂಡು ಬರಬೇಕಾಯಿತಾ?

ಮಂಗಳೂರಿನಿಂದ (ಕೊಡಿಯಾಲಬೈಲು)

ಅಕ್ಕ, ನೀವು ಕೇಳಿದ್ದು ಎರಡು ಓದಿಗೂ ಸುಲಭವಾಗಿ ಸಿಗುವುದಿಲ್ಲ. ಕಾದಂಬರಿಯ ವಿಧವೆ ಸಾರಸ್ವತ ಬ್ರಾಹ್ಮಣರ ಮನೆಯವಳು. ‘ಹೆಣ್ಣು’ ಎಂದಾಗಲೂ ‘ನಾವು ಮತ್ತು ಬ್ರಿಟಿಷರು’ ಎಂದಾಗಲೂ ಆ ಒಂದು ಮನೆ ಇಡೀ ಜಿಲ್ಲೆಯಾಗಿಬಿಡುತ್ತದೆ. ಜಾತಿ ಹಿಡಿದು ಓದಿದರೆ ಮಾತ್ರ ಇದು ಕಾಣುವುದು.

ಪುತ್ತೂರಿನಿಂದ

ಓದು, ಕಾದಂಬರಿ ಬೇರೆ ಎಂಬುದನ್ನು ಒಪ್ಪಿದೆ. ಆದರೂ ಮಕ್ಕಳು ‘ಉತ್ತರ’ ಕಂಡರೆ ಇಸವಿಯನ್ನೇ ನೆನೆಯುತ್ತಾರೆ. ಬೇರೆ ಪದ ಇಲ್ಲವೇ? ‘ವಸಾಹತು ವಿರೋಧಿ’ ಎಂದರೆ?

ಮಂಗಳೂರಿನಿಂದ (ಕೊಡಿಯಾಲಬೈಲು)

ಅದು ಬೇಡ. ‘ವಿರೋಧಿ’ ಎಂದರೆ ಗುಲ್ವಾಡಿಯವರನ್ನು ಬೈಯಲಿಕ್ಕೆ ಓದಿದಂತೆ ಆಗುತ್ತದೆ. ಭೀಮರಾಯನ ಮನೆಯ ಕೊಳಕು ಸುಳ್ಳೇನಲ್ಲವಲ್ಲ.

ಉಡುಪಿಯಿಂದ

ಹುಡುಗಿಯ ಎರಡನೇ ಭಾಗ ಮತ್ತೆ ನೋಡಿದೆ. ಒಂದೂವರೆ ಪುಟ, ಇಂದಿರೆಯ ಹೆಸರು ಒಮ್ಮೆ ಮಾತ್ರ, ಅದೂ ‘ಭಾಸ್ಕರನ ಹೆಂಡತಿ’ ಅಂತ ಮುಗಿಯುವ ವಾಕ್ಯದಲ್ಲಿ. ಗೀಟನ್ನು ಶೀರ್ಷಿಕೆಯಿಂದ ತೆಗೆಸಿ ಆ ವಾಕ್ಯಕ್ಕೆ ಹಾಕಿಸುತ್ತೇನೆ. ಸಂಧಿಯ ವಿಷಯ ಹಂಪನಕಟ್ಟೆಯವರೇ ಬಗೆಹರಿಸಲಿ.