ಬಜೆಟ್–ಆಕ್ಚುಯಲ್ ವರದಿ: ಒಂದು ತಿಂಗಳು ಉಳಿತಾಯ, ಮುಂದಿನ ತಿಂಗಳು ಮಿತಿ ಮೀರಿದ ಖರ್ಚು. ನಿಮ್ಮ ಅನುಭವ ಹೇಳಿ

ಕೇಳಿದವರು: ಪ್ರತಿ ತಿಂಗಳು ವಿಭಾಗದ ಮುಖ್ಯಸ್ಥರಿಗೆ ಬಜೆಟ್–ಆಕ್ಚುಯಲ್ ವೇರಿಯನ್ಸ್ ಕಳಿಸ್ತೀನಿ, ಪಕ್ಕದಲ್ಲಿ ಎರಡು ಸಾಲಿನ ಟಿಪ್ಪಣಿ. ನಿರ್ವಹಣೆ ವಿಭಾಗದಲ್ಲಿ ಎರಡು ತಿಂಗಳು ಉಳಿತಾಯ, ಮೂರನೇ ತಿಂಗಳು ದೊಡ್ಡ ಮೈನಸ್. ವರದಿಯನ್ನು ಯಾರೂ ನಂಬ್ತಿಲ್ಲ. ನಿಮ್ಮಲ್ಲಿ ಹೇಗೆ ಮಾಡ್ತೀರಿ?

ಕ್ಲೋಸಿಂಗ್ ಡೆಸ್ಕ್: ಮೂರನೇ ತಿಂಗಳಿಗೇ ಮೈನಸ್ ಬರೋದಾದರೆ ಅದು ತ್ರೈಮಾಸಿಕ ಬಿಲ್, ಪ್ರಾವಿಷನ್ ಹಾಕಿಲ್ಲ. ನಮ್ಮಲ್ಲಿ ಯಂತ್ರಗಳ ವಾರ್ಷಿಕ ನಿರ್ವಹಣಾ ಒಪ್ಪಂದ 12,00,000ದ್ದು, ಬಜೆಟ್ ತಿಂಗಳಿಗೆ 1,00,000. ಸರ್ವಿಸ್‌ನವರು ಪ್ರತಿ ತಿಂಗಳೂ ಬಂದು ಕೆಲಸ ಮಾಡ್ತಾರೆ, ಬಿಲ್ ಮಾತ್ರ ಮೂರು ತಿಂಗಳಿಗೊಮ್ಮೆ 3,00,000ಕ್ಕೆ ಬರುತ್ತೆ. ಪ್ರಾವಿಷನ್ ಇಲ್ಲದಿದ್ದರೆ ಮೊದಲ ಎರಡು ತಿಂಗಳು ಒಂದೊಂದು ಲಕ್ಷ ಉಳಿತಾಯ, ಮೂರನೇ ತಿಂಗಳು ಎರಡು ಲಕ್ಷ ಹೆಚ್ಚು. ಮೂರೂ ಸುಳ್ಳು.

ಎಡವೋದು ಎರಡನೇ ತಿಂಗಳಲ್ಲಿ. ಮೊದಲ ತಿಂಗಳ ಕೊನೆಗೆ 1,00,000 ಪ್ರಾವಿಷನ್, ಮುಂದಿನ ತಿಂಗಳ ಒಂದನೇ ತಾರೀಖು ಅದು ರಿವರ್ಸ್. ಎರಡನೇ ತಿಂಗಳ ಕೊನೆಗೆ ಹಾಕಬೇಕಾದ್ದು 2,00,000, ಒಂದು ಲಕ್ಷ ಅಲ್ಲ, ಯಾಕಂದ್ರೆ ಹಿಂದಿನದು ರಿವರ್ಸ್ ಆಗಿಹೋಗಿದೆ. ಒಂದೇ ಲಕ್ಷ ಹಾಕಿದರೆ ಆ ತಿಂಗಳ ಖರ್ಚು ಸೊನ್ನೆ ಅಂತ ಬರುತ್ತೆ. ಮೂರನೇ ತಿಂಗಳು ಎರಡು ಲಕ್ಷ ರಿವರ್ಸ್, ಮೂರು ಲಕ್ಷದ ಬಿಲ್, ನಿವ್ವಳ ಒಂದು ಲಕ್ಷ.

ರಿವರ್ಸ್ ಮಾಡದೆ ತಿಂಗಳಿಗೊಂದು ಲಕ್ಷ ಹಾಕ್ತಾ ಹೋದವರ ಗತಿ ಬೇರೆ. ಬಿಲ್ ಬಂದಾಗ ಅದು ಪೂರ್ತಿ ಖರ್ಚಿಗೆ ಬಿದ್ದು, ಮೂರು ತಿಂಗಳ ಮೊತ್ತ 3,00,000 ಬದಲು 5,00,000 ಆಗುತ್ತೆ. ಪ್ರಾವಿಷನ್ ಲೆಡ್ಜರನ್ನು ಸರಬರಾಜುದಾರರ ಪ್ರಕಾರ ತೆಗೆದು ನೋಡಿ. ಒಂದು ಬಿಲ್ ಸುತ್ತು ದಾಟಿಯೂ ಉಳಿದಿರೋ ಬಾಕಿ ಇದ್ದರೆ ಅಲ್ಲೇ ತಪ್ಪಿದೆ.

ಪ್ಲಾನಿಂಗ್ ಮೇಜು: ಇಷ್ಟೆಲ್ಲಾ ಜರ್ನಲ್ ಯಾಕೆ? ಬಜೆಟ್ಟನ್ನೇ 3, 6, 9, 12ನೇ ತಿಂಗಳಿಗೆ ಮೂರು ಮೂರು ಲಕ್ಷ ಅಂತ ಹಂಚಿಬಿಡಿ. ಬಿಲ್ ಬರೋ ತಿಂಗಳೇ ಬಜೆಟ್ ಇರುತ್ತೆ, ವೇರಿಯನ್ಸ್ ಸೊನ್ನೆ. ನಮ್ಮಲ್ಲಿ ನಲವತ್ತು ಲೈನ್‌ಗಳನ್ನು ಹೀಗೇ ಮಾಡಿದೀವಿ, ಟಿಪ್ಪಣಿ ಬರೆಯೋ ಕೆಲಸ ಅರ್ಧಕ್ಕೆ ಇಳಿದಿದೆ.

ಕ್ಲೋಸಿಂಗ್ ಡೆಸ್ಕ್: ಟಿಪ್ಪಣಿ ಕಡಿಮೆಯಾಗಿದ್ದು ವರದಿ ಕುರುಡಾಗಿದ್ದರಿಂದ. ಬಿಲ್ ಒಂದು ವಾರ ತಡವಾಗಿ ನಾಲ್ಕನೇ ತಿಂಗಳಿಗೆ ಜಾರಿದರೆ ಮೂರನೇ ತಿಂಗಳು ಮೂರು ಲಕ್ಷ ಉಳಿತಾಯ ಅಂತ ತೋರಿಸ್ತೀರಾ? ಮೊದಲ ತಿಂಗಳಲ್ಲೇ ಹೆಚ್ಚುವರಿ ಕೆಲಸ ಮಾಡಿಸಿದ್ದರೆ ಅದು ಮುಖ್ಯಸ್ಥರಿಗೆ ಗೊತ್ತಾಗೋದು ಎರಡು ತಿಂಗಳ ಮೇಲೆ.

ಪ್ಲಾನಿಂಗ್ ಮೇಜು: ಕುರುಡು ಅನ್ನೋ ಮಾತು ಬೇಡ. ವರ್ಷಕ್ಕೊಮ್ಮೆ ಘಟಕ ನಿಲ್ಲಿಸಿ ಮಾಡೋ ಓವರ್‌ಹಾಲ್ ಇದೆ. ಅದಕ್ಕೂ ಹನ್ನೆರಡು ತಿಂಗಳು ಪ್ರಾವಿಷನ್ ಹಾಕ್ತೀರಾ? ಕೆಲಸವೇ ಆಗದೆ ಯಾವ ಲೆಕ್ಕಪರಿಶೋಧಕರು ಒಪ್ಪುತ್ತಾರೆ?

ಕ್ಲೋಸಿಂಗ್ ಡೆಸ್ಕ್: ಓವರ್‌ಹಾಲ್‌ಗೆ ನೀವು ಹೇಳಿದ್ದೇ ಸರಿ, ಅದು ಆಗೋ ತಿಂಗಳಿಗೇ ಬಜೆಟ್ ಇಡಬೇಕು. ಕೆಲಸ ಯಾವ ತಿಂಗಳು ನಡೀತೋ ಬಜೆಟ್ಟೂ ಖರ್ಚೂ ಆ ತಿಂಗಳಿಗೆ. ಬಿಲ್ ತಾರೀಖಿನ ಹಿಂದೆ ಹೋಗಿ ಬಜೆಟ್ ಹಂಚೋದಕ್ಕೆ ಮಾತ್ರ ನನ್ನ ವಿರೋಧ. ನಿಮ್ಮ ನಲವತ್ತು ಲೈನ್‌ಗಳಲ್ಲಿ ಎಷ್ಟು ಆ ತರದವು, ಎಣಿಸಿ ನೋಡಿ.

ವಿಭಾಗದ ಮುಖ್ಯಸ್ಥ: ವರದಿ ಪಡೆಯೋ ಕಡೆಯವನಾಗಿ ಹೇಳ್ತೀನಿ. ನನಗೆ ಬರೋ ಟಿಪ್ಪಣಿ: “ದುರಸ್ತಿ ವೆಚ್ಚ ಬಜೆಟ್‌ಗಿಂತ 1,40,000 ಹೆಚ್ಚಾಗಿದೆ.” ಅದು ಪಕ್ಕದ ಕಾಲಂನಲ್ಲೇ ಇದೆಯಲ್ಲ! ನನಗೆ ಬೇಕಾದ್ದು ಹೀಗೆ: “ಪಂಪ್ ಬೇರಿಂಗ್ ಎರಡು ಸಲ ಬದಲಾಯಿಸಿದ್ದರಿಂದ 1,40,000 ಹೆಚ್ಚು. ಮುಂದಿನ ತಿಂಗಳು ಮರುಕಳಿಸದು, ಆದರೆ ಈ ಮೊತ್ತ ವಾಪಸ್ ಬರುವುದೂ ಇಲ್ಲ, ವರ್ಷಾಂತ್ಯಕ್ಕೂ ಇಷ್ಟೇ ಮೀರಿರುತ್ತದೆ.” ಕಾರಣ, ಮುಂದೆ ಸರಿಹೋಗುತ್ತಾ ಇಲ್ಲವಾ, ವರ್ಷದ ಕೊನೆಗೆ ಎಷ್ಟು. ಬೇರಿಂಗ್ ವಿಷಯ ಲೆಡ್ಜರ್‌ನಲ್ಲಿ ಸಿಗಲ್ಲ, ಕಳಿಸೋ ಮುಂಚೆ ನನಗೊಂದು ಫೋನ್ ಮಾಡಬೇಕು. ಹತ್ತು ನಿಮಿಷದ ಕೆಲಸ.

ಕ್ಲೋಸಿಂಗ್ ಡೆಸ್ಕ್: ಒಪ್ಪಿದೆ. ಆದರೆ ಕೆಲಸ ಮುಗಿದಿದೆ, ಬಿಲ್ ಬಾಕಿ ಇದೆ ಅಂತ ತಿಂಗಳ ಕೊನೆಗೆ ನಿಮ್ಮ ಕಡೆಯಿಂದ ಒಂದು ಪಟ್ಟಿ ಬಂದರೇ ನಾವು ಪ್ರಾವಿಷನ್ ಹಾಕೋದು. ಆ ಪಟ್ಟಿ ಎಷ್ಟು ವಿಭಾಗದಿಂದ ಹೊತ್ತಿಗೆ ಸರಿಯಾಗಿ ಬರುತ್ತೆ, ನೀವೇ ಹೇಳಿ.

ವಿಭಾಗದ ಮುಖ್ಯಸ್ಥ: ಆ ಪಟ್ಟಿ ಕೇಳೋ ಮೇಲ್ ನಮಗೆ ಬರೋದು ತಿಂಗಳ ಕೊನೆಯ ದಿನ ಸಂಜೆ. ನಾಲ್ಕು ದಿನ ಮುಂಚೆ ಕಳಿಸಿ, ಆಗ ತಪ್ಪು ನಮ್ಮದು.

ಉತ್ಪಾದನಾ ಲೆಕ್ಕ: ಎಲ್ಲರೂ ಬಿಲ್ ಹಿಂದೆಯೇ ಬಿದ್ದಿದ್ದೀರಿ. ನಮ್ಮಲ್ಲಿ ದೊಡ್ಡ ಜಗಳ ವಿದ್ಯುತ್ತಿನದು. ಬಜೆಟ್ 10,000 ನಗಕ್ಕೆ 60,000, ಅಂದ್ರೆ ನಗಕ್ಕೆ 6. ಮಾಡಿದ್ದು 12,000 ನಗ, ಖರ್ಚು 69,000. ವರದಿ 9,000 ಹೆಚ್ಚು ಅನ್ನುತ್ತೆ. 12,000 ನಗಕ್ಕೆ 72,000 ಆಗಬೇಕಿತ್ತು, ನಿಜಕ್ಕೂ 3,000 ಉಳಿದಿದೆ. ಉತ್ಪಾದನೆಗೆ ತಕ್ಕಂತೆ ಬಜೆಟ್ ಹಿಗ್ಗಿಸದೆ ಹೋಲಿಸಿದರೆ ಹೆಚ್ಚು ದುಡಿದ ವಿಭಾಗವೇ ಬೈಸಿಕೊಳ್ಳುತ್ತೆ.

ಪ್ಲಾನಿಂಗ್ ಮೇಜು: ಅವರು ಕೇಳಿದ್ದು ನಿರ್ವಹಣೆ ವಿಭಾಗದ್ದು. ಅದಿರಲಿ, ಆ 60,000ದಲ್ಲಿ ನಿಗದಿತ ಡಿಮ್ಯಾಂಡ್ ಚಾರ್ಜ್ ಎಷ್ಟು?

ಉತ್ಪಾದನಾ ಲೆಕ್ಕ: 20,000.

ಪ್ಲಾನಿಂಗ್ ಮೇಜು: ಹಾಗಾದರೆ ನಗಕ್ಕೆ 6 ಅಲ್ಲ, 4. ನಿಗದಿತ 20,000 ಹಾಗೇ ಉಳಿಯುತ್ತೆ, 12,000 ನಗಕ್ಕೆ 48,000, ಒಟ್ಟು 68,000. ನೀವು ಖರ್ಚು ಮಾಡಿದ್ದು 69,000. ಉಳಿತಾಯ ಇಲ್ಲ, 1,000 ಹೆಚ್ಚೇ ಆಗಿದೆ. ಪೂರ್ತಿ ಮೊತ್ತ ಹಿಗ್ಗಿಸಿ ಉಳಿತಾಯ ಅಂತ ಟಿಪ್ಪಣಿ ಬರೆದರೆ ನಮ್ಮ ವರದಿಯನ್ನೂ ಯಾರೂ ನಂಬಲ್ಲ.

ಉತ್ಪಾದನಾ ಲೆಕ್ಕ: ಡಿಮ್ಯಾಂಡ್ ಚಾರ್ಜ್ ಬೇರೆ ಮಾಡಬೇಕಿತ್ತು, ನಿಜ. ಆದರೂ 9,000 ಅಂತ ಬರೆಯೋದಕ್ಕಿಂತ 1,000 ಎಷ್ಟೋ ಹತ್ತಿರ. ಮೂಲ ಮಾತು ಬಿಡಲ್ಲ ನಾನು.

ಕೇಳಿದವರು: ಪ್ರಾವಿಷನ್ ಲೆಡ್ಜರ್ ನೋಡಿದೆ. ಒಪ್ಪಂದದ ಹೆಸರಲ್ಲಿ ಏನೂ ಇಲ್ಲ, ಹಾಕೇ ಇಲ್ಲ. ಇನ್ನೊಂದು, ಎಲ್ಲ ಲೈನ್‌ಗೂ ಟಿಪ್ಪಣಿ ಬೇಕಾ? ಬಜೆಟ್ ಸೊನ್ನೆ ಇರೋ ಕಡೆ ಶೇಕಡಾವಾರು ಕಾಲಂ #DIV/0! ಅನ್ನುತ್ತೆ.

ಕ್ಲೋಸಿಂಗ್ ಡೆಸ್ಕ್: ಭಾಗಿಸಬೇಡಿ, ಗುಣಿಸಿ. B ಬಜೆಟ್, D ವ್ಯತ್ಯಾಸ. 50,000 ಮತ್ತು ಶೇ. 5, ಎರಡೂ ದಾಟಿದರೆ ಮಾತ್ರ ಟಿಪ್ಪಣಿ:

```
=IF(AND(ABS(D2)>=50000,ABS(D2)>=0.05*ABS(B2)),"ಟಿಪ್ಪಣಿ","")
```

ಬಜೆಟ್ ಸೊನ್ನೆ ಇದ್ದರೂ 50,000 ದಾಟಿದ ಖರ್ಚು ಸಿಕ್ಕಿಬೀಳುತ್ತೆ. 50,000 ನಮ್ಮ ಅಳತೆ, ನಿಮ್ಮ ವಿಭಾಗದ ಗಾತ್ರ ನೋಡಿ ಇಟ್ಟುಕೊಳ್ಳಿ.

ವಿಭಾಗದ ಮುಖ್ಯಸ್ಥ: ಎರಡೂ ದಾಟಬೇಕು ಅಂದರೆ ಸಂಬಳದ ಲೈನ್ ತಪ್ಪಿಸಿಕೊಳ್ಳುತ್ತೆ. 80,00,000 ಬಜೆಟ್‌ನಲ್ಲಿ 3,00,000 ಹೆಚ್ಚಾದರೂ ಶೇ. 3.75 ಅಷ್ಟೆ, ಟಿಪ್ಪಣಿ ಇಲ್ಲ. ಅದೇ ನನಗೆ ಮೊದಲು ಗೊತ್ತಾಗಬೇಕಾದ್ದು. ಎರಡರಲ್ಲಿ ಒಂದು ದಾಟಿದರೂ ಸಾಕು ಅಂತ ಇಡಿ.

ಕ್ಲೋಸಿಂಗ್ ಡೆಸ್ಕ್: ಹಾಗಿಟ್ಟರೆ 2,000 ಬಜೆಟ್‌ನ ಸ್ಟೇಷನರಿ 200 ಹೆಚ್ಚಾದರೂ ಟಿಪ್ಪಣಿ ಬರೀಬೇಕು, ಶೇ. 10 ಆಯ್ತಲ್ಲ. ಸಂಬಳಕ್ಕೆ ಬೇರೆ ಮಿತಿ ಇಡೋಣ, ಉಳಿದದ್ದಕ್ಕೆ ನಾನು ಒಪ್ಪಲ್ಲ.

ಪ್ಲಾನಿಂಗ್ ಮೇಜು: ಲೈನಿಗೊಂದು ಮಿತಿ ಅಂತ ಶುರುವಾದರೆ ಆರು ತಿಂಗಳಿಗೆ ನಲವತ್ತು ಮಿತಿ ಆಗುತ್ತೆ. ಅದನ್ನು ಯಾರು ನೋಡಿಕೊಳ್ತಾರೆ?