ಮೂರು ಮಾತ್ರೆ ನುಂಗಿದ ಮೇಲೆ ಅಪ್ಪನಿಗೆ ಮಾತ್ರ ಜ್ವರ ಯಾಕೆ?

ಭೀಮಾತೀರದವ: ನಮ್ಮದು ಯಾದಗಿರಿ ಕಡೆಯ ಹಳ್ಳಿ. ಆನೆಕಾಲು ರೋಗಕ್ಕೆ ಅಂತ ಆಶಾ ಅಕ್ಕ ಬಂದು ಮೂರು ಥರದ ಮಾತ್ರೆ ಎದುರಿಗೇ ನುಂಗಿಸಿದರು. ಅಪ್ಪನಿಗೆ ಅವತ್ತೇ ರಾತ್ರಿ ಜ್ವರ, ತಲೆನೋವು. ಅಮ್ಮನಿಗೆ ಏನೂ ಆಗಲಿಲ್ಲ. ಮಾತ್ರೆಯಲ್ಲೇ ದೋಷ ಇದೆಯಾ?

ಗಿರೀಶ್: ದೋಷ ಇಲ್ಲ ತಮ್ಮಾ. ಈ ಮಾತ್ರೆಗಳೆಲ್ಲ ಹುಳುವಿನ ನರ ಕೆಡಿಸಿ ಸಾಯಿಸುತ್ತವೆ. ಸತ್ತ ಹುಳುವಿನಿಂದ ಜ್ವರ. ಜ್ವರ ಬಂದರೆ ಹುಳು ಇತ್ತು, ಬರದಿದ್ದರೆ ಇರಲಿಲ್ಲ. ಅಷ್ಟೇ ಲೆಕ್ಕ.

ಸುಮನಾ: ಗಿರೀಶ್ ಅವರೇ, ಅರ್ಧ ಸರಿ. ನರಕ್ಕೆ ಹೋಗೋದು ಐವರ್‌ಮೆಕ್ಟಿನ್ ಒಂದೇ. ಹುಳುವಿನ ನರ ಮತ್ತು ಸ್ನಾಯುವಿನಲ್ಲಿ ಕ್ಲೋರೈಡ್ ಒಳಗೆ ಬಿಡುವ ಒಂದು ಬಾಗಿಲಿದೆ. ಐವರ್‌ಮೆಕ್ಟಿನ್ ಅದನ್ನು ತೆರೆದೇ ಇಡುತ್ತದೆ, ಹುಳು ಅಲುಗಾಡಲಾರದು. ಆ ಥರದ ಬಾಗಿಲು ಮನುಷ್ಯರಲ್ಲಿ ಇಲ್ಲ. ಆನೆಕಾಲಿನ ಮರಿಹುಳು ನಮ್ಮ ರಕ್ತದಲ್ಲಿ ಬದುಕೋದೇ ಕೆಲವು ಪ್ರೋಟೀನ್ ಸೂಸಿ ರಕ್ಷಣಾ ಕಣಗಳನ್ನು ದೂರ ಇಟ್ಟುಕೊಂಡು. ಔಷಧ ಬಿದ್ದ ಮೇಲೆ ಆ ಸೂಸುವಿಕೆ ನಿಲ್ಲುತ್ತದೆ, ಕಣಗಳು ಹಿಡಿದು ತಿನ್ನುತ್ತವೆ ಅನ್ನೋದು ಸಂಶೋಧಕರ ಅಂದಾಜು. ಅಲ್ಬೆಂಡಜೋಲ್ ನಿಧಾನಿ. ಹುಳುವಿನ ಜೀವಕೋಶದೊಳಗಿನ ಸಣ್ಣ ಕೊಳವೆಗಳನ್ನು ಕಟ್ಟಲು ಬಿಡದೆ, ಸಕ್ಕರೆ ಹೀರಲಾಗದಂತೆ ಮಾಡಿ, ದಿನಗಟ್ಟಲೆ ಹಸಿವಿನಿಂದ ಸಾಯಿಸುತ್ತದೆ. ಮೂರನೆಯದು ಡಿಇಸಿ. ಅದೂ ಮರಿಹುಳುಗಳನ್ನೇ ರಕ್ಷಣಾ ಕಣಗಳ ಬಾಯಿಗೆ ಹಾಕುತ್ತದೆ.

ಭೀಮಾತೀರದವರೇ, ಮರಿಹುಳುಗಳು ಒಟ್ಟಿಗೇ ಸತ್ತಾಗ ಅವುಗಳ ಚೂರುಗಳಿಗೆ ದೇಹ ಕೆರಳುತ್ತದೆ. ಅಪ್ಪನ ಜ್ವರ ಬಹುಶಃ ಅದೇ. ಈ ಮೂರು ಮಾತ್ರೆಗಳ ಸುರಕ್ಷತೆಯನ್ನು ಐದು ದೇಶಗಳಲ್ಲಿ ನೋಡಿದ ಅಧ್ಯಯನದಲ್ಲಿ ನಿಮ್ಮ ಯಾದಗಿರಿಯೂ ಇತ್ತು. 26 ಸಾವಿರಕ್ಕೂ ಹೆಚ್ಚು ಜನರಲ್ಲಿ ಕೆಲವರಿಗೆ ಎರಡು ಥರದ, ಉಳಿದವರಿಗೆ ಮೂರೂ ಥರದ ಮಾತ್ರೆ ಕೊಟ್ಟಿದ್ದರು. ತೊಂದರೆ ಹೇಳಿದವರು ರಕ್ತದಲ್ಲಿ ಮರಿಹುಳು ಇದ್ದವರಲ್ಲೇ ಬಹಳ ಜಾಸ್ತಿ, ಗಂಭೀರವಾದದ್ದು ತೀರಾ ಅಪರೂಪ.

ಆದರೆ ಅಮ್ಮನಿಗೆ ಏನೂ ಆಗಲಿಲ್ಲ ಅಂದ ಮಾತ್ರಕ್ಕೆ ಹುಳು ಇಲ್ಲ ಅಂತಲ್ಲ. ಮರಿಹುಳು ಕಮ್ಮಿ ಇದ್ದರೆ ದೇಹಕ್ಕೆ ಗೊತ್ತೇ ಆಗದೆ ಹೋಗಬಹುದು. ಖಚಿತ ಆಗಬೇಕಾದರೆ ಮಾತ್ರೆಗೆ ಮುಂಚೆ ರಾತ್ರಿ ಹೊತ್ತು ರಕ್ತ ತೆಗೆದು ನೋಡಬೇಕಿತ್ತು. ಅಪ್ಪನಿಗೆ ಪ್ಯಾರಾಸಿಟಮಾಲ್, ಚೆನ್ನಾಗಿ ನೀರು. ಎರಡು ದಿನ ಕಳೆದರೂ ಜ್ವರ ಇಳಿಯದಿದ್ದರೆ, ನಿಂತರೆ ಕಣ್ಣು ಕತ್ತಲೆ ಬಂದರೆ, ಉಸಿರು ಕಟ್ಟಿದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಡೆಂಗಿಗೂ ಇದೇ ಥರ ಜ್ವರ ಬರುತ್ತೆ, ಮರೀಬೇಡಿ.

ಶಾಂತಕುಮಾರ್: ಐವರ್‌ಮೆಕ್ಟಿನ್ ದನಕ್ಕೆ ಹಾಕೋದಲ್ವಾ? ಕೋವಿಡ್‌ನಲ್ಲಿ ನಮ್ಮ ಬೀದಿಯವರೆಲ್ಲ ನುಂಗಿದರು. ಉಪಯೋಗ ಆಯಿತಾ ಇಲ್ವಾ, ಅದನ್ನು ಹೇಳಿ.

ಸುಮನಾ: ದೊಡ್ಡ ಪ್ರಯೋಗಗಳಲ್ಲಿ ಉಪಯೋಗ ಕಾಣಲಿಲ್ಲ. ಇಲ್ಲಿ ಮಾತು ಹುಳುವಿನದು ಸರ್.

ಮಂಗಳಾ: ನಾವಿರೋದು ತಾಂಜಾನಿಯಾದ ಮ್ವಾಂಜಾದಲ್ಲಿ, ವಿಕ್ಟೋರಿಯಾ ಸರೋವರದ ದಡ. ಶಾಲೆಯಲ್ಲಿ ಬಿಲ್ಹಾರ್ಜಿಯಾ ಅನ್ನೋ, ಸರೋವರದ ನೀರಿನಿಂದ ಅಂಟುವ ಹುಳುವಿನ ರೋಗಕ್ಕೆ ಅಂತ ಮಗನನ್ನು ಕೋಲಿನ ಪಕ್ಕ ನಿಲ್ಲಿಸಿ, ಎತ್ತರ ನೋಡಿ ಪ್ರಾಜಿಕ್ವಾಂಟೆಲ್ ಕೊಟ್ಟರು. ದೊಡ್ಡ ದೊಡ್ಡ ಕಹಿ ಮಾತ್ರೆ. ಎರಡು ತಾಸಿಗೆ ಹೊಟ್ಟೆ ಹಿಡಿದುಕೊಂಡು ಅತ್ತ, ವಾಂತಿನೂ ಆಯಿತು. ಇದೂ ಹುಳು ಸತ್ತದ್ದಕ್ಕಾ?

ಸುಮನಾ: ಬಹುಮಟ್ಟಿಗೆ ಹೌದು ಅಕ್ಕಾ. ಪ್ರಾಜಿಕ್ವಾಂಟೆಲ್ ಹುಳುವಿನೊಳಕ್ಕೆ ಕ್ಯಾಲ್ಸಿಯಂ ನುಗ್ಗಿಸುತ್ತದೆ. ಮೈಯೆಲ್ಲ ಸೆಟೆದು, ಹೊರಚರ್ಮ ಬಿರಿದು, ಕರುಳಿನ ರಕ್ತನಾಳದಲ್ಲಿನ ಹಿಡಿತ ತಪ್ಪುತ್ತದೆ. ಹುಳು ಹೆಚ್ಚಿದ್ದ ಮಕ್ಕಳಲ್ಲಿ ಹೊಟ್ಟೆನೋವು ಹೆಚ್ಚು. ಹೊಟ್ಟೆ ಖಾಲಿ ಇದ್ದರೆ ಇನ್ನೂ ಕಷ್ಟ. ಮಾಮೂಲಾಗಿ ಒಂದು ದಿನದಲ್ಲಿ ಹೋಗುತ್ತೆ. ಎಪ್ಪತ್ತರ ದಶಕದ ಔಷಧ, ಆದರೂ ಕ್ಯಾಲ್ಸಿಯಂ ಯಾವ ಬಾಗಿಲಿನಿಂದ ನುಗ್ಗುತ್ತೆ ಅನ್ನೋದರ ಸುಳಿವು ಸಿಕ್ಕಿದ್ದು 2019ರಲ್ಲಿ! ಎಳೆಯ ಹುಳುಗಳ ಮೇಲೆ ಮಾತ್ರ ಇದು ಅಷ್ಟಾಗಿ ನಾಟುವುದಿಲ್ಲ. ಮಗ ಮತ್ತೆ ಸರೋವರಕ್ಕೆ ಇಳಿದರೆ ಮತ್ತೆ ಬರುತ್ತೆ.

ಗಿರೀಶ್: ಹಾಗಾದರೆ ಹುಳು ಜಾಸ್ತಿ ಇದ್ದವರಿಗೇ ಅಪಾಯ. ರಕ್ತ ನೋಡಿಯೇ ಕೊಡಬೇಕಪ್ಪ.

ಸುಮನಾ: ಒಂದು ಕಡೆ ಹಾಗೇ ಮಾಡಬೇಕಾಯಿತು. ಮಧ್ಯ ಆಫ್ರಿಕಾದಲ್ಲಿ ಲೋವಾ ಲೋವಾ ಅಂತ ಇನ್ನೊಂದು ಹುಳು ಇದೆ. ಒಂದು ಮಿಲಿಲೀಟರ್ ರಕ್ತದಲ್ಲಿ 30,000ಕ್ಕಿಂತ ಹೆಚ್ಚು ಮರಿ ಇದ್ದವರು ಐವರ್‌ಮೆಕ್ಟಿನ್ ನುಂಗಿದರೆ ಪ್ರಜ್ಞೆ ತಪ್ಪಬಹುದು, ಜೀವಕ್ಕೂ ಅಪಾಯ. ಕ್ಯಾಮರೂನಿನ ಒಕೋಲಾದಲ್ಲಿ ಇದಕ್ಕೇ 1999ರಲ್ಲಿ ಹಂಚಿಕೆ ನಿಂತಿತ್ತು. 2015ರಲ್ಲಿ ಮೊಬೈಲ್‌ಗೆ ಜೋಡಿಸಿದ ಸೂಕ್ಷ್ಮದರ್ಶಕದಿಂದ ಬೆರಳಿನ ರಕ್ತ ನೋಡಿ, 20,000 ದಾಟಿದವರನ್ನು ಬಿಟ್ಟು ಉಳಿದವರಿಗೆ ಕೊಟ್ಟರು. ಬಿಟ್ಟದ್ದು ನೂರಕ್ಕೆ ಸುಮಾರು ಇಬ್ಬರನ್ನು. ಆಮೇಲೆ ಅಂಥ ಅನಾಹುತ ಆಗಲಿಲ್ಲ. ನಮ್ಮಲ್ಲಿ ಆ ಹುಳು ಇಲ್ಲ. ಮನೆಮನೆಗೂ ರಾತ್ರಿ ರಕ್ತ ನೋಡುತ್ತಾ ಕೂತರೆ ಒಂದು ತಾಲೂಕೂ ಮುಗಿಯಲ್ಲ.

ಮಂಗಳಾ: ನನ್ನ ತಮ್ಮನಿಗೆ ಮೊದಲು ಫಿಟ್ಸ್ ಬರುತ್ತಿತ್ತು. ಮಿದುಳಲ್ಲಿ ಲಾಡಿಹುಳುವಿನ ಗುಳ್ಳೆ ಅಂದಿದ್ದರು. ಅವನೂ ನುಂಗಬಹುದಾ?

ಸುಮನಾ: ಕೇಳದೆ ಬೇಡ. ಪ್ರಾಜಿಕ್ವಾಂಟೆಲ್, ಅಲ್ಬೆಂಡಜೋಲ್ ಎರಡೂ ಮಿದುಳಿಗೆ ತಲುಪುತ್ತವೆ. ಗುಳ್ಳೆ ಸತ್ತು ಊದಿಕೊಂಡರೆ ಫಿಟ್ಸ್ ಮರಳಬಹುದು. ಅದಕ್ಕೇ ಆಸ್ಪತ್ರೆಯಲ್ಲಿ ಸ್ಟೀರಾಯ್ಡ್ ಜೊತೆ ಕೊಡ್ತಾರೆ. ಅವನ ನರರೋಗ ವೈದ್ಯರೇ ಹೇಳಬೇಕು.

ಭೀಮಾತೀರದವ: ಅಪ್ಪನ ಜ್ವರ ಈಗ ಇಳಿದಿದೆ. ಆದರೆ ಜ್ವರ ಬರಬಹುದು ಅಂತ ಆಶಾ ಅಕ್ಕ ಮೊದಲೇ ಹೇಳಬೇಕಿತ್ತು.

ಗಿರೀಶ್: ಹೇಳಿದ್ದರೆ ನಿಮ್ಮಪ್ಪ ನುಂಗುತ್ತಿದ್ದರಾ?

ಭೀಮಾತೀರದವ: ಹೇಳದೇ ಇದ್ದದ್ದಕ್ಕೆ ಪಕ್ಕದ ಮನೆಯವರು ಮಾತ್ರೆ ಎಲ್ಲ ಚರಂಡಿಗೆ ಎಸೆದಿದ್ದಾರೆ ಅಣ್ಣಾ.