ತೊಗರಿ ಹೊಲದ ಪಿರಮಿಡ್: ಸಂಖ್ಯೆಯದು ಒಂದು ಥರ, ಶಕ್ತಿಯದು ಇನ್ನೊಂದು ಥರ. ಬಿಡಿಸಿದವರು ಹೇಳಿ

ಕೇಳಿದವರು: ಪ್ರೌಢಶಾಲೆ ಶಿಕ್ಷಕಿ, ಆಳಂದ ತಾಲ್ಲೂಕು

ವಸ್ತುಪ್ರದರ್ಶನಕ್ಕೆ ನಮ್ಮ ಮಕ್ಕಳು ತೊಗರಿ ಹೊಲದಲ್ಲಿ ಯಾವುದು ಯಾವುದನ್ನು ತಿನ್ನುತ್ತೆ ಅಂತ ಹಂತಹಂತವಾಗಿ ತೋರಿಸುವ ಪಿರಮಿಡ್ ಮಾಡುತ್ತಿದ್ದಾರೆ. ಹುಳ ಎಣಿಸಿದರೆ ಗಿಡಕ್ಕಿಂತ ಜಾಸ್ತಿ ಬರುತ್ತಿವೆ, ಚಿತ್ರ ನಡುವೆ ಉಬ್ಬಿಕೊಳ್ಳುತ್ತೆ. ಶಕ್ತಿಯದು ಮಾತ್ರ ಯಾವಾಗಲೂ ನೇರ ಅಂತ ಪುಸ್ತಕದಲ್ಲಿದೆ. ಎರಡನ್ನೂ ಪಕ್ಕಪಕ್ಕ ಬಿಡಿಸೋದು ಹೇಗೆ? ಒಂದು ಹಂತದ ಶಕ್ತಿಯಲ್ಲಿ ಹತ್ತನೇ ಒಂದು ಭಾಗ ಮಾತ್ರ ಮೇಲಿನ ಹಂತಕ್ಕೆ ಸೇರುತ್ತೆ ಅನ್ನುವ ಶೇಕಡಾ ಹತ್ತರ ನಿಯಮ ಎಲ್ಲಿಂದ ಶುರು ಮಾಡಬೇಕು?

ಡಿ.ಎಡ್ ವಿದ್ಯಾರ್ಥಿ, ಯಾದಗಿರಿ

ಮೇಡಂ, ಸುಲಭ ಇದೆ. ಸೂರ್ಯನಿಂದ ಗಿಡಕ್ಕೆ ಹತ್ತು ಭಾಗ, ಗಿಡದಿಂದ ಹುಳಕ್ಕೆ ಅದರಲ್ಲಿ ಹತ್ತು ಭಾಗ, ಹೀಗೆ ಮೇಲಕ್ಕೆ ಹೋಗಿ. ಉಳಿದ ತೊಂಬತ್ತು ಶಾಖವಾಗಿ ಹೋಗುತ್ತೆ. ಪಿರಮಿಡ್ ಉಬ್ಬಿದರೆ ಎಣಿಕೆ ತಪ್ಪಾಗಿದೆ ಅಂತ ಅರ್ಥ, ಇನ್ನೊಮ್ಮೆ ಎಣಿಸಲು ಹೇಳಿ.

ಪಿಯು ಜೀವಶಾಸ್ತ್ರ ಉಪನ್ಯಾಸಕ, ಕಲಬುರಗಿ

ಎಣಿಕೆ ತಪ್ಪಿಲ್ಲ ಮೇಡಂ. ಉಬ್ಬಿದ್ದನ್ನು ಹಾಗೇ ಬಿಡಿ, ನಿಮ್ಮ ಪ್ರದರ್ಶನದ ಜೀವವೇ ಅದು.

ಲೆಕ್ಕ ಹೀಗೆ ಮಾಡಿ. ಸಾಲಿಂದ ಸಾಲಿಗೆ ಮೂರು ಅಡಿ, ಸಾಲಿನಲ್ಲಿ ಅಡಿಗೊಂದು ಗಿಡ ಇದ್ದರೆ ಒಂದು ಗಿಡಕ್ಕೆ ಮೂರು ಚದರ ಅಡಿ ಜಾಗ. ಎಕರೆಗೆ 43,560 ಚದರ ಅಡಿ, ಅಂದರೆ ಸುಮಾರು 14,500 ಗಿಡ. ಹುಳ ಎಣಿಸಲು ನಮ್ಮ ರೈತರ ಹಳೇ ಪದ್ಧತಿಯೇ ಸಾಕು. ಗಿಡದ ಬುಡಕ್ಕೆ ಬಟ್ಟೆ ಹಾಸಿ, ಗಿಡ ಹಿಡಿದು ಜೋರಾಗಿ ಅಲ್ಲಾಡಿಸಿ. ಕಾಯಿಕೊರಕ ಹುಳ ಬಟ್ಟೆ ಮೇಲೆ ಉದುರುತ್ತವೆ. ಹೊಲದ ಬೇರೆ ಬೇರೆ ಕಡೆ ಹತ್ತು ಗಿಡ ಅಲ್ಲಾಡಿಸಿದಾಗ 20 ಹುಳ ಸಿಕ್ಕವು ಅಂದುಕೊಳ್ಳಿ. ಗಿಡಕ್ಕೆ ಎರಡು, ಎಕರೆಗೆ 29,000. ಕಾಯಿಯೊಳಗೆ ತಲೆ ತೂರಿಸಿದ ಹುಳ, ಹೂವಿನೊಳಗಿನ ಸಣ್ಣ ಮರಿಹುಳ ಉದುರುವುದಿಲ್ಲ. ಹಾಗಾಗಿ ನಿಜವಾದ ಸಂಖ್ಯೆ ಇದಕ್ಕಿಂತ ಜಾಸ್ತಿಯೇ.

ಹುಳ ತಿನ್ನಲು ಬರುವ ಕಾಜಾಣ, ಮೈನಾ ಸೇರಿ 20 ಹಕ್ಕಿ ಅಂತ ಬರೆಯಿರಿ. ಅವುಗಳ ಮೇಲೆ ಹಕ್ಕಿಗಳನ್ನೇ ಬೇಟೆಯಾಡುವ ಸಣ್ಣ ಗಿಡುಗ, ಬಿಜ್ಜು. ಅದನ್ನು ಎಕರೆಗೆ 1 ಅಂತ ಬರೆಯಬೇಡಿ. ಒಂದು ಬಿಜ್ಜು ಬೇಟೆಗೆ ಎಷ್ಟೋ ಹೊಲ ಸುತ್ತುತ್ತೆ, ನಿಮ್ಮ ಎಕರೆಯ ಪಾಲಿಗೆ ಒಂದು ಇಡೀ ಬಿಜ್ಜು ಬರುವುದಿಲ್ಲ. ಮಕ್ಕಳು ಇಲ್ಲೇ ಜಾಸ್ತಿ ಎಡವುತ್ತಾರೆ. ಎಲ್ಲ ಹಂತಕ್ಕೂ ಒಂದೇ ಜಾಗದ ಅಳತೆ ಇರಬೇಕು.

ಈಗ ಶಕ್ತಿ. ಸಂಖ್ಯೆಯ ಲೆಕ್ಕದಲ್ಲಿ ಎದೆಮಟ್ಟದ ಗಿಡವೂ ಒಂದು, ಬೆರಳುದ್ದವೂ ಇಲ್ಲದ ಹುಳವೂ ಒಂದು. ಶಕ್ತಿಯ ಲೆಕ್ಕದಲ್ಲಿ ಈ ಸಮಾನತೆ ಇಲ್ಲ. ಕಟಾವಿನ ಹೊತ್ತಿಗೆ ಕಾಯಿ ಸಮೇತ ಗಿಡ ಕಡಿದು, ಚೆನ್ನಾಗಿ ಒಣಗಿಸಿ ತೂಗಿ. 160 ಗ್ರಾಂ ಬಂತು ಅಂತಿಟ್ಟುಕೊಳ್ಳಿ. ಚದರ ಮೀಟರಿಗೆ ಮೂರೂವರೆ ಗಿಡ, ಅಂದರೆ ಸುಮಾರು 560 ಗ್ರಾಂ. ಒಣ ಸೊಪ್ಪು ಕಟ್ಟಿಗೆ ಗ್ರಾಂಗೆ ಸುಮಾರು 17 ಕಿಲೋಜೂಲ್. ಗುಣಿಸಿದರೆ 9,500 ಬರುತ್ತೆ. ಬೇರು, ಉದುರಿದ ಎಲೆ ಇದರಲ್ಲಿ ಸೇರಿಲ್ಲ, ಆದ್ದರಿಂದ 10,000 ಅಂತ ಹಿಡಿದರೆ ತಪ್ಪೇನಿಲ್ಲ. ಶೇಕಡಾ ಹತ್ತು ಶುರುವಾಗುವುದು ಇಲ್ಲಿಂದ. ಗಿಡ 10,000, ಗಿಡ ತಿನ್ನುವವು 1,000, ಹುಳ ತಿನ್ನುವವು 100, ಬಿಜ್ಜು 10. ಗಿಡದ ಅಂಕಿ ಮಾತ್ರ ನೀವು ತೂಗಿದ್ದು, ಉಳಿದ ಮೂರೂ ನಿಯಮ ಹಚ್ಚಿ ಬಂದ ಅಂದಾಜು. ಚಾರ್ಟಿನಲ್ಲಿ ಅದನ್ನು ಬರೆಯಲೇಬೇಕು.

ಯಾದಗಿರಿ ತಮ್ಮಾ, ಸೂರ್ಯನಿಂದ ಗಿಡಕ್ಕೆ ಹತ್ತು ಅಲ್ಲಪ್ಪ. ಹೊಲದ ಮೇಲೆ ಬಿದ್ದ ಬಿಸಿಲಿನಲ್ಲಿ ಬೆಳೆಯ ಮೈಗೆ ಸೇರುವುದು ನೂರಕ್ಕೆ ಒಂದರ ಆಸುಪಾಸು. ಇನ್ನು ತೊಂಬತ್ತೂ ಶಾಖವಾಗುತ್ತೆ ಅಂದೆಯಲ್ಲ, ಅದು ಅರ್ಧ ಸರಿ. ಉಸಿರಾಟದಲ್ಲಿ ಹೋದದ್ದು ಶಾಖ, ನಿಜ. ಆದರೆ ತೊಗರಿ ಎಷ್ಟು ಎಲೆ ಉದುರಿಸುತ್ತೆ ನೋಡಿದ್ದೀಯಲ್ವಾ? ಹುಳ ಮುಟ್ಟದ ಎಲೆ, ಕಡ್ಡಿ, ಹುಳದ ಹಿಕ್ಕೆ ಎಲ್ಲ ಗೆದ್ದಲಿಗೆ, ಶಿಲೀಂಧ್ರಕ್ಕೆ ಹೋಗುತ್ತವೆ. ಅವೂ ಅದನ್ನೇ ತಿಂದು ಬದುಕುತ್ತವೆ.

ರೈತ, ಜೇವರ್ಗಿ

ಎಕರೆಗೆ 29,000 ಹುಳ ಅಂದ್ರೆ ನನ್ನ ಹೊಲ ಹೋಯ್ತು ಅಂತಲೇ ಅರ್ಥ ಸರ್! ಗಿಡ ಅಲ್ಲಾಡಿಸಿ ಹುಳ ಉದುರಿಸೋದು ನಮ್ಮ ಅಪ್ಪನೂ ಮಾಡ್ತಿದ್ದ. ಹಕ್ಕಿ ಕೂರಲಿ ಅಂತ ತೊಗರಿ ನಡುವೆ ಅಲ್ಲಲ್ಲಿ ಜೋಳ ಹಾಕ್ತೀವಿ, ಕೋಲು ನೆಡ್ತೀವಿ. ಹಕ್ಕಿ ಜಾಸ್ತಿ ಬಂದ್ರೆ ಔಷಧ ಹೊಡೆಯೋದು ಬಿಡಬಹುದಾ? ಹೋದ ಸಲ ನೆಟೆ ರೋಗದಲ್ಲೇ ಅರ್ಧ ಹೋಯ್ತು, ಈ ಸಲ ಹುಳಕ್ಕೆ ಕೊಡೋದು ಬೇಡ.

ಪಿಯು ಜೀವಶಾಸ್ತ್ರ ಉಪನ್ಯಾಸಕ

ಅಣ್ಣಾ, ಕೋಲು, ಜೋಳ ಖಂಡಿತ ಹಾಕಿ. ಆದರೆ ಔಷಧ ಬಿಡಬೇಕೋ ಬೇಡವೋ ಅನ್ನೋದು ಪಿರಮಿಡ್ ನೋಡಿ ಹೇಳುವ ಮಾತಲ್ಲ. ಶಕ್ತಿಯ ಪಿರಮಿಡ್ ಇಡೀ ಬೆಳೆ ಅವಧಿಯ ಲೆಕ್ಕ. ನಿಮಗೆ ಬೇಕಾದದ್ದು ಈ ವಾರ ಗಿಡಕ್ಕೆ ಎಷ್ಟು ಹುಳ ಅನ್ನೋದು. ಹೂವು ಬಿಟ್ಟಾಗಿನಿಂದ ವಾರವಾರ ಬಟ್ಟೆ ಹಾಸಿ ಎಣಿಸಿ, ಆ ಎಣಿಕೆ ತಗೊಂಡು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಶಿಕ್ಷಕಿ, ಬೀದರ್

ಲೆಕ್ಕ ಸರ್ ಹೇಳಿದ್ರು, ನಾನು ಬಿಡಿಸುವ ಬಗ್ಗೆ ಹೇಳುತ್ತೇನೆ. ದಯವಿಟ್ಟು ತ್ರಿಕೋನ ಬರೆದು ಮೂರು ಅಡ್ಡಗೆರೆ ಎಳೆಯಬೇಡಿ. ನಾಲ್ಕು ಸಮ ಎತ್ತರದ ಪಟ್ಟಿ ಮಾಡಿದರೆ ಅವುಗಳ ವಿಸ್ತೀರ್ಣ ಮೇಲಿಂದ 1, 3, 5, 7ರ ಅನುಪಾತದಲ್ಲಿ ಬರುತ್ತೆ. ಅಂದರೆ ಗಿಡದಲ್ಲಿ ಬಿಜ್ಜಿನ ಏಳರಷ್ಟು ಶಕ್ತಿ ಇದೆ ಅಂತ ಚಿತ್ರ ಹೇಳುತ್ತೆ. ನಿಮ್ಮ ಲೆಕ್ಕದಲ್ಲಿ ಅದು ಸಾವಿರದಷ್ಟು!

ಒಂದೇ ಎತ್ತರದ ಆಯತಗಳನ್ನು ನಡು ಸರಿಮಾಡಿ ಒಂದರ ಮೇಲೊಂದು ಇಡಿ, ಅಗಲ ಮಾತ್ರ ಬದಲಾಗಲಿ. ಸಣ್ಣ ಚಾರ್ಟಿನಲ್ಲಿ ಗಿಡಕ್ಕೆ 10 ಸೆಂಟಿಮೀಟರ್ ಕೊಟ್ಟರೆ ಹಕ್ಕಿಗೆ 1 ಮಿಲಿಮೀಟರ್, ಬಿಜ್ಜಿಗೆ ಅದರ ಹತ್ತನೇ ಒಂದು ಭಾಗ. ಪೆನ್ಸಿಲ್ ಗೆರೆಯೇ ಅದಕ್ಕಿಂತ ದಪ್ಪ. ಹಳೇ ಕ್ಯಾಲೆಂಡರ್ ಹಾಳೆಗಳ ಹಿಂಭಾಗ ಅಂಟಿಸಿ ಒಂದು ಮೀಟರ್ ಅಗಲ ಮಾಡಿಕೊಳ್ಳಿ. ಆಗ 1 ಮೀಟರ್, 10 ಸೆಂಟಿಮೀಟರ್, 1 ಸೆಂಟಿಮೀಟರ್, 1 ಮಿಲಿಮೀಟರ್. ಬಿಜ್ಜು ಒಂದು ಗೆರೆಯಾಗಿಯಾದರೂ ಕಾಣುತ್ತೆ. ಪಕ್ಕದ ಸಂಖ್ಯಾ ಪಿರಮಿಡ್ಡಿಗೂ ಅಷ್ಟೇ ಅಗಲ. ಹುಳಕ್ಕೆ 1 ಮೀಟರ್, ಅದರ ಕೆಳಗೆ ಗಿಡಕ್ಕೆ ಅರ್ಧ ಮೀಟರ್. ಶಕ್ತಿಯದರ ಪಕ್ಕ ಕಿಲೋಜೂಲ್, ಚದರ ಮೀಟರ್, ಒಂದು ಬೆಳೆ ಅವಧಿ ಅಂತ ಬರೆಯಿರಿ. ಅವಧಿ ಬರೆಯದಿದ್ದರೆ ಅದು ಶಕ್ತಿಯ ಹರಿವಿನ ಚಿತ್ರವೇ ಅಲ್ಲ.

ಸರ್, ನಿಮಗೊಂದು ಪ್ರಶ್ನೆ. ಹಕ್ಕಿ ಬಿಸಿ ರಕ್ತದ್ದು, ಜೀರ್ಣಿಸಿಕೊಂಡ ಶಕ್ತಿಯಲ್ಲಿ ಅದರ ಮೈಗೆ ಉಳಿಯುವುದು ನೂರಕ್ಕೆ ಎರಡು ಮೂರು ಅಷ್ಟೇ. ಆ ಹಂತಕ್ಕೂ ಹತ್ತು ಅಂತಲೇ ಹಾಕಬೇಕಾ?

ಪಿಯು ಜೀವಶಾಸ್ತ್ರ ಉಪನ್ಯಾಸಕ

ನೀವು ಹೇಳಿದ್ದು ಸರಿ. ಹತ್ತು ಅನ್ನೋದು ಸರಾಸರಿ ಅಂದಾಜು. ಇದಕ್ಕೆ ಬುನಾದಿ ಹಾಕಿದ ಲಿಂಡೆಮನ್ ಅವರ 1942ರ ಲೇಖನದಲ್ಲೇ, ಅಮೆರಿಕದ ಸೀಡರ್ ಬಾಗ್ ಕೆರೆಗೆ ಸಸ್ಯಾಹಾರಿ ಹಂತದಲ್ಲಿ 13.3, ಅದರ ಮೇಲೆ 22.3 ಇದೆ. 10ನೇ ತರಗತಿಗೆ ಹತ್ತೇ ಇರಲಿ, ಕೆಳಗೆ ಒಂದು ಸಾಲಿನ ಟಿಪ್ಪಣಿ ಹಾಕಿ.

ಶಿಕ್ಷಕಿ, ಆಳಂದ

ತುಂಬಾ ಉಪಕಾರ ಆಯ್ತು. ಒಬ್ಬ ಹುಡುಗ ಕೇಳ್ತಿದ್ದಾನೆ: ಕಾಳು ದಾಲ್ ಮಿಲ್ಲಿಗೆ ಹೋಗುತ್ತೆ, ಕಟ್ಟಿಗೆ ಒಲೆಗೆ ಹೋಗುತ್ತೆ. ಅದನ್ನು ಪಿರಮಿಡ್ಡಿನಲ್ಲಿ ಎಲ್ಲಿ ಬರೆಯೋದು?

ಶಿಕ್ಷಕಿ, ಬೀದರ್

ಬೇಳೆ ತಿನ್ನೋದು ನಾವು. ನಾವೂ ಗಿಡ ತಿನ್ನುವವರೇ. ಹುಳದ ಪಟ್ಟಿಯಲ್ಲೇ ಮನುಷ್ಯರಿಗೂ ಜಾಗ ಕೊಡಿ.

ಪಿಯು ಜೀವಶಾಸ್ತ್ರ ಉಪನ್ಯಾಸಕ

ನಾನು ಒಪ್ಪಲ್ಲ ಮೇಡಂ. ಆ ಬೇಳೆ ಬೆಂಗಳೂರಿನಲ್ಲಿ ಬೇಯುತ್ತೆ, ಹೊಲದ ಗಡಿಯೊಳಗೆ ಅಲ್ಲ. ಗಿಡದ ಪಟ್ಟಿಯಿಂದ ಹೊರಗೆ ಒಂದು ಬಾಣ ಎಳೆದು 'ಕಟಾವು' ಅಂತ ಬರೆಯಬೇಕು. ಅಷ್ಟು ಹೊರಗೆ ಹೋದ ಮೇಲೆ ಹೊಲದ ಹುಳಕ್ಕೆ 1,000 ನಿಜಕ್ಕೂ ಸಿಗುತ್ತಾ ಅನ್ನೋದೂ ಅನುಮಾನ.

ಶಿಕ್ಷಕಿ, ಬೀದರ್

ಹಾಗಾದರೆ ಹೊಲದಲ್ಲಿ ಕೂತು ಹಸಿ ತೊಗರಿಕಾಯಿ ಸುಲಿದು ತಿನ್ನುವ ಮಕ್ಕಳನ್ನು ಎಲ್ಲಿ ಹಾಕ್ತೀರಿ ಸರ್?